ಊಟ ಬಿಟ್ಟರೂ ಇಳಿಯದ ಸಕ್ಕರೆ

1922ರ ಜನವರಿ. ಕೆನಡಾದ ಟೊರಾಂಟೊ ಆಸ್ಪತ್ರೆಯಲ್ಲಿ 14 ವರ್ಷದ ಲಿಯೊನಾರ್ಡ್ ಥಾಂಪ್ಸನ್ ಮೂಳೆ ಚಕ್ಕಳವಾಗಿ ಮಲಗಿದ್ದ. ಸಕ್ಕರೆ ಕಾಯಿಲೆಗೆ ಆಗ ಇದ್ದ ಚಿಕಿತ್ಸೆ ಅರೆಹೊಟ್ಟೆ ಊಟವೊಂದೇ. ಆದರೂ ಅವನ ರಕ್ತದ ಪ್ರತಿ ಡೆಸಿಲೀಟರಿನಲ್ಲಿ 520 ಮಿಲಿಗ್ರಾಂ ಸಕ್ಕರೆ! ಸರಿಯಾಗಿ ಉಣ್ಣದವನ ಮೈಯಲ್ಲಿ ಅಷ್ಟು ಸಕ್ಕರೆ ಎಲ್ಲಿಂದ ಬಂತು?

ಬಹುಪಾಲು ಅವನ ಲಿವರ್‌ನಿಂದಲೇ. ಹಸಿದಾಗ ಲಿವರ್ ತಾನೇ ಸಕ್ಕರೆ ತಯಾರಿಸಿ ರಕ್ತಕ್ಕೆ ಬಿಡುತ್ತದೆ. ಉಂಡ ಮೇಲೆ ಮೇದೋಜೀರಕ ಗ್ರಂಥಿಯಿಂದ ಹೊರಡುವ ಇನ್ಸುಲಿನ್ ಆ ಕೆಲಸವನ್ನು ತಗ್ಗಿಸುತ್ತದೆ. ಜೊತೆಗೆ ಸ್ನಾಯು ಮತ್ತು ಕೊಬ್ಬಿನ ಕೋಶಗಳು ಸಕ್ಕರೆಯನ್ನು ಒಳಗೆಳೆದುಕೊಳ್ಳುವಂತೆ ಮಾಡುತ್ತದೆ. ಇನ್ಸುಲಿನ್ ಇಲ್ಲದಿದ್ದರೆ ಸ್ನಾಯು ಸಕ್ಕರೆಯನ್ನು ಸರಿಯಾಗಿ ಹೀರುವುದಿಲ್ಲ, ಲಿವರ್ ಸುರಿಯುವುದನ್ನು ನಿಲ್ಲಿಸುವುದಿಲ್ಲ. ಸ್ನಾಯುವಿನ ಪ್ರೋಟೀನ್ ಕೂಡ ಕರಗಿ ಸಕ್ಕರೆಯಾಗುತ್ತದೆ. ಹುಡುಗ ಸೊರಗಿದ್ದು ಹಾಗೆ.

ರಕ್ತದ ಸಕ್ಕರೆ ಸುಮಾರು 180 ದಾಟಿದರೆ ಮೂತ್ರಪಿಂಡ ಅದನ್ನು ಹಿಡಿದಿಡಲಾರದು. ಸಕ್ಕರೆ ತನ್ನೊಂದಿಗೆ ನೀರನ್ನೂ ಸೆಳೆದುಕೊಂಡು ಹೋಗುತ್ತದೆ. ಪದೇಪದೇ ಮೂತ್ರ, ತೀರದ ದಾಹ. ಇತ್ತ ಕೊಬ್ಬು ಒಡೆದು ಕೀಟೋನ್ ಎಂಬ ಆಮ್ಲಗಳು ಸೇರಿ ರಕ್ತವನ್ನು ಕೆಡಿಸುತ್ತವೆ. ಪ್ರಾಣ ತೆಗೆಯುವುದು ಹೆಚ್ಚಾಗಿ ಇದೇ.

ಜನವರಿ 11ರ ಮೊದಲ ಇಂಜೆಕ್ಷನ್ ಅಷ್ಟು ಶುದ್ಧವಾಗಿರದೆ ಫಲ ಕೊಡಲಿಲ್ಲ. ಕಾಲಿಪ್ ಶುದ್ಧೀಕರಿಸಿದ ಔಷಧ 23ರಂದು ಕೊಟ್ಟಾಗ ಸಕ್ಕರೆ ಒಂದೇ ದಿನದಲ್ಲಿ 120ಕ್ಕೆ ಇಳಿಯಿತು.

ಮಗು ಅತಿಯಾಗಿ ನೀರು ಕುಡಿದು, ರಾತ್ರಿ ಮತ್ತೆಮತ್ತೆ ಮೂತ್ರಕ್ಕೆದ್ದು, ತೂಕ ಕಳೆದುಕೊಳ್ಳುತ್ತಿದ್ದರೆ ಅಂದೇ ರಕ್ತ ಪರೀಕ್ಷೆ ಮಾಡಿಸಿ.