ಮುಟ್ಟು ಮುಂದೂಡುವ ಮಾತ್ರೆ: ಮೂರು ದಿನ ಮೊದಲಿನ ಲೆಕ್ಕ

ಗೌರಿ ಹಬ್ಬದ ಹಿಂದಿನ ಸಂಜೆ ಮೆಡಿಕಲ್ ಶಾಪಿಗೆ ಹೋಗಿ ‘ಡೇಟ್ ಮುಂದಕ್ಕೆ ಹೋಗೋ ಮಾತ್ರೆ ಇದೆಯಾ?’ ಎಂದು ಮೆಲ್ಲಗೆ ಕೇಳುವ ಹೆಂಗಸರು ನಮ್ಮಲ್ಲಿ ಬಹಳ. ಅವರಿಗೆ ಸಿಗುವುದು ಹೆಚ್ಚಾಗಿ 5 ಮಿಲಿಗ್ರಾಂನ ನೊರೆಥಿಸ್ಟೆರೋನ್. ವೈದ್ಯರ ಚೀಟಿಯ ಮೇಲೆ ಕೊಡಬೇಕಾದ ಔಷಧಿ ಅದು. ಮುಟ್ಟು ನಾಳೆಯೋ ನಾಡಿದ್ದೋ ಎನ್ನುವಾಗ ನುಂಗಿದರೆ ಅದು ಕೆಲಸ ಮಾಡುವ ಭರವಸೆಯೂ ಇಲ್ಲ.

ಕಾರಣ ಗರ್ಭಕೋಶದ ಒಳಪದರದಲ್ಲಿದೆ. ಅಂಡಾಣು ಬಿಡುಗಡೆಯಾದ ಮೇಲೆ ಸುಮಾರು ಎರಡು ವಾರ ಪ್ರೊಜೆಸ್ಟೆರೋನ್ ಎಂಬ ಹಾರ್ಮೋನು ಆ ಪದರವನ್ನು ಕಾಪಾಡುತ್ತದೆ. ಗರ್ಭ ನಿಲ್ಲದಿದ್ದರೆ ಹಾರ್ಮೋನು ಇಳಿಯುತ್ತದೆ, ಪದರ ಕಳಚುತ್ತದೆ, ಅದೇ ಮುಟ್ಟು. ನೊರೆಥಿಸ್ಟೆರೋನ್ ಪ್ರೊಜೆಸ್ಟೆರೋನಿನ ಕೆಲಸವನ್ನು ವಹಿಸಿಕೊಂಡು ಪದರವನ್ನು ಇನ್ನಷ್ಟು ದಿನ ಉಳಿಸುತ್ತದೆ. ಪದರ ಕಳಚಲು ಶುರುವಾದ ಮೇಲೆ ಹಾಗೆ ಉಳಿಸುವುದು ಕಷ್ಟ. ಆದ್ದರಿಂದಲೇ ಮುಟ್ಟಿನ ದಿನಕ್ಕೆ ಮೂರು ದಿನ ಮೊದಲು ಆರಂಭಿಸಿ, ದಿನಕ್ಕೆ ಮೂರು ಬಾರಿ ಒಂದೊಂದು ಮಾತ್ರೆ ತೆಗೆದುಕೊಳ್ಳುವುದು ಸಾಮಾನ್ಯ ಕ್ರಮ. ನಿಲ್ಲಿಸಿದ ಎರಡು ಮೂರು ದಿನಕ್ಕೆ ಮುಟ್ಟು ಬರುತ್ತದೆ.

ಲೆಕ್ಕ ತಪ್ಪುವುದು ‘ಮುಟ್ಟಿನ ದಿನ’ ಯಾವುದು ಎಂಬಲ್ಲಿ. ಒಂದು ಮದುವೆ ಮನೆಯನ್ನೇ ತೆಗೆದುಕೊಳ್ಳೋಣ. ನವೆಂಬರ್ 20ಕ್ಕೆ ಆರತಕ್ಷತೆ, 21ಕ್ಕೆ ಮುಹೂರ್ತ, 22ಕ್ಕೆ ಬೀಗರೂಟ. ಮದುಮಗಳ ಅಕ್ಕನಿಗೆ ಕಳೆದ ಸಲ ಮುಟ್ಟು ಶುರುವಾದದ್ದು ಅಕ್ಟೋಬರ್ 22ರಂದು. ಹಿಂದಿನ ಮೂರು ಬಾರಿ ಅವಳ ಚಕ್ರ 30, 28 ಮತ್ತು 27 ದಿನಗಳದ್ದು. 30ರ ಲೆಕ್ಕ ಹಿಡಿದರೆ ಮುಟ್ಟು ನವೆಂಬರ್ 21ಕ್ಕೆ, ಮಾತ್ರೆ 18ರಿಂದ. ಆದರೆ 27ರ ಲೆಕ್ಕದಲ್ಲಿ ಮುಟ್ಟು 18ಕ್ಕೇ ಬಂದುಬಿಡಬಹುದು. ಅವಳು ಹಿಡಿಯಬೇಕಾದದ್ದು ಅತಿ ಚಿಕ್ಕ ಚಕ್ರ. ಅಂದರೆ 15ರಿಂದ ಶುರುಮಾಡಿ, 22ರ ರಾತ್ರಿ ಕೊನೆಯ ಮಾತ್ರೆ. ಎಂಟು ದಿನ, 24 ಮಾತ್ರೆ. 24 ಅಥವಾ 25ರ ಸುಮಾರಿಗೆ ಮುಟ್ಟಾಗುತ್ತದೆ. ಬೆಳಿಗ್ಗೆ 6, ಮಧ್ಯಾಹ್ನ 2, ರಾತ್ರಿ 10 ಎಂದು ಸಮ ಅಂತರವಿದ್ದರೆ ಒಳ್ಳೆಯದು. ಮದುವೆಯ ಗಡಿಬಿಡಿಯಲ್ಲಿ ಮಧ್ಯಾಹ್ನದ್ದು ಮರೆತುಹೋಗುವುದೇ ಹೆಚ್ಚು. ಆಗ ಸ್ವಲ್ಪ ರಕ್ತ ಕಾಣಿಸಿಕೊಳ್ಳುವುದೂ ಉಂಟು. ಎಲ್ಲ ಸರಿಯಾಗಿ ತೆಗೆದುಕೊಂಡರೂ ಕೆಲವರಿಗೆ ಕಲೆ ಕಾಣುತ್ತದೆ, ಹೊಟ್ಟೆ ಉಬ್ಬರ, ಸ್ತನಗಳಲ್ಲಿ ನೋವು, ವಾಕರಿಕೆ, ತಲೆನೋವು, ಸಿಡುಕು ಬರುತ್ತವೆ.

ಪರೀಕ್ಷೆಯ ವಿಷಯ ಬೇರೆ. ಎರಡು ಮೂರು ವಾರ ಹರಡಿಕೊಳ್ಳುವ ಪರೀಕ್ಷೆಗೆ ಇದು ಹೊಂದುವುದಿಲ್ಲ, ಮುಟ್ಟನ್ನು ಅಷ್ಟು ದಿನ ಎಳೆಯುವುದೂ ಸರಿಯಲ್ಲ. ಹದಿಹರೆಯದವರಲ್ಲಿ ಚಕ್ರವೇ ಏರುಪೇರು, ಮೂರು ದಿನ ಮೊದಲು ಎಂಬ ಲೆಕ್ಕಕ್ಕೆ ಆಧಾರವೇ ಸಿಗದು. ಹೊಟ್ಟೆನೋವಿನ ಭಯವಾದರೆ ಅದಕ್ಕೆ ತಕ್ಕ ನೋವಿನ ಮಾತ್ರೆಯನ್ನು ವೈದ್ಯರಿಂದ ಬರೆಸಿಕೊಳ್ಳುವುದು ಮೇಲು. ಅಮ್ಮ ತನಗೆಂದು ತಂದದ್ದರಲ್ಲಿ ನಾಲ್ಕು ಮಾತ್ರೆ ಮಗಳಿಗೂ ಕೊಡುವುದು ಖಂಡಿತ ಬೇಡ.

ಹೆಚ್ಚಿನವರಿಗೆ ಗೊತ್ತಿಲ್ಲದ ಒಂದು ಅಪಾಯವಿದೆ. ಈ ಔಷಧಿಯ ಸ್ವಲ್ಪ ಭಾಗ ದೇಹದಲ್ಲಿ ಎಥಿನೈಲ್ ಈಸ್ಟ್ರಡಯೋಲ್ ಆಗಿ ಬದಲಾಗುತ್ತದೆ. ಗರ್ಭನಿರೋಧಕ ಮಾತ್ರೆಗಳಲ್ಲಿರುವ ಈಸ್ಟ್ರೋಜನ್ ಅದೇ, ರಕ್ತ ಹೆಪ್ಪುಗಟ್ಟುವ ಸಾಧ್ಯತೆಯನ್ನು ಅದು ಹೆಚ್ಚಿಸುತ್ತದೆ. ಆರೋಗ್ಯವಂತರಲ್ಲಿ ಈ ಅಪಾಯ ಚಿಕ್ಕದು. ಆದರೆ ಕಾಲಿನಲ್ಲೋ ಶ್ವಾಸಕೋಶದಲ್ಲೋ ಹಿಂದೆ ಹೆಪ್ಪುಗಟ್ಟಿದ್ದವರು, ಹತ್ತಿರದ ಸಂಬಂಧಿಕರಿಗೆ ಹಾಗಾದವರು, ತುಂಬಾ ದಪ್ಪ ಇರುವವರು, ಧೂಮಪಾನ ಮಾಡುವವರು, ಕಣ್ಣ ಮುಂದೆ ಮಿಂಚು ಕಾಣಿಸಿ ಆಮೇಲೆ ಮೈಗ್ರೇನ್ ಬರುವವರು ವೈದ್ಯರಿಗೆ ಮೊದಲೇ ಹೇಳಲೇಬೇಕು. ಅಮೆರಿಕಕ್ಕೆ ಹೊರಟ ವಿಮಾನದಲ್ಲೋ ಕಾಶಿಗೆ ಹೊರಟ ಬಸ್ಸಿನಲ್ಲೋ ಗಂಟೆಗಟ್ಟಲೆ ಕೂರುವುದೇ ಹೆಪ್ಪಿಗೆ ಇನ್ನೊಂದು ಕಾರಣ, ಅದಕ್ಕೆ ಈ ಮಾತ್ರೆಯೂ ಸೇರುತ್ತದೆ. ಇಂಥವರಿಗೆ ವೈದ್ಯರು ಮೆಡ್ರಾಕ್ಸಿಪ್ರೊಜೆಸ್ಟೆರೋನ್ ಎಂಬ ಬೇರೆ ಮಾತ್ರೆಯನ್ನು ಆರಿಸಬಹುದು. ಪಾರ್ಶ್ವವಾಯು, ಹೃದಯಾಘಾತ, ಯಕೃತ್ತಿನ ಕಾಯಿಲೆ, ಸ್ತನ ಕ್ಯಾನ್ಸರ್ ಆದವರಿಗೂ ಕಾರಣ ತಿಳಿಯದ ರಕ್ತಸ್ರಾವ ಇರುವವರಿಗೂ ನೊರೆಥಿಸ್ಟೆರೋನ್ ಬೇಡ. ಕ್ಷಯದ ರಿಫಾಂಪಿಸಿನ್, ಮೂರ್ಛೆರೋಗದ ಫಿನಿಟಾಯಿನ್, ಕಾರ್ಬಮಜೆಪೈನ್ ಇದರ ಬಲ ಕುಗ್ಗಿಸುತ್ತವೆ.

ಒಂದೇ ಮೀನಖಂಡ ನೋಯುತ್ತಾ ಊದಿಕೊಂಡರೆ, ಇದ್ದಕ್ಕಿದ್ದಂತೆ ಉಸಿರು ಕಟ್ಟಿದರೆ, ಎದೆ ನೋವು, ಹಿಂದೆಂದೂ ಇಲ್ಲದ ತಲೆನೋವು, ಕಣ್ಣು ಮಂಜು ಬಂದರೆ ಮಾತ್ರೆ ಬಿಟ್ಟು ಕೂಡಲೇ ಆಸ್ಪತ್ರೆಗೆ ಹೋಗಬೇಕು. ಹಬ್ಬ ಮುಗಿಯಲಿ ಎಂದು ಕಾಯಬಾರದು.

ಹಬ್ಬಕ್ಕೆ ಮುಟ್ಟು ಮುಂದೂಡಬೇಕೋ ಬೇಡವೋ ಎಂಬುದು ಆಯಾ ಹೆಣ್ಣಿನ ತೀರ್ಮಾನ. ಅತ್ತೆಯಾಗಲಿ ಗಂಡನಾಗಲಿ ಒತ್ತಾಯಿಸಿ ನುಂಗಿಸುವಂಥದ್ದಲ್ಲ. ಪ್ರತಿ ಹಬ್ಬಕ್ಕೂ, ಪ್ರತಿ ಪೂಜೆಗೂ ತೆಗೆದುಕೊಳ್ಳುವ ಅಭ್ಯಾಸವನ್ನಂತೂ ನಾನು ಒಪ್ಪಲಾರೆ.

ಇನ್ನು, ಹೀಗೆ ಬಳಸಿದ ಮಾತ್ರೆ ಗರ್ಭನಿರೋಧಕವಲ್ಲ. ಆ ತಿಂಗಳು ಗರ್ಭ ನಿಂತಿರಬಹುದೆಂಬ ಅನುಮಾನವಿದ್ದರೆ ಶುರುಮಾಡುವ ಮುಂಚೆಯೇ ವೈದ್ಯರನ್ನು ಕಾಣಬೇಕು. ಕೊನೆಯ ಮಾತ್ರೆಯ ನಂತರ ಒಂದು ವಾರ ಕಳೆದರೂ ಮುಟ್ಟಾಗದಿದ್ದರೆ ಗರ್ಭಧಾರಣೆಯ ಪರೀಕ್ಷೆ ಮಾಡಿಕೊಳ್ಳಬೇಕು.