ಬೊಟ್ಟಿನ ಜಾಗದಲ್ಲಿ ತುರಿಕೆ ಏಕೆ?

ಸ್ಟಿಕ್ಕರ್ ಬೊಟ್ಟಿನ ಬೆನ್ನಿಗಿರುವ ಅಂಟು ಬೆವರಿಗೂ ಎಣ್ಣೆಗೂ ಸಡಿಲವಾಗದೆ ಹಣೆಯ ಮೇಲೆ ನಿಲ್ಲಬೇಕು. ಇದಕ್ಕಾಗಿ ಕೆಲವು ಅಂಟುಗಳಿಗೆ ಪ್ಯಾರಾ ಟರ್ಷಿಯರಿ ಬ್ಯುಟೈಲ್ ಫೀನಾಲ್ ಫಾರ್ಮಾಲ್ಡಿಹೈಡ್ ಎಂಬ ರಾಳ ಬೆರೆಸುತ್ತಾರೆ. ಬೊಟ್ಟಿನಿಂದಾಗುವ ಅಲರ್ಜಿಯಲ್ಲಿ ಹೆಚ್ಚಾಗಿ ಸಿಕ್ಕಿಬೀಳುವ ವಸ್ತು ಇದೇ. ಚಪ್ಪಲಿ ಮತ್ತು ವಾಚಿನ ಚರ್ಮದ ಪಟ್ಟಿಯ ಅಂಟಿನಲ್ಲೂ ಇದು ಇರುವುದರಿಂದ, ಹಣೆ ತುರಿಸುವವರಿಗೆ ಪಾದ ಅಥವಾ ಮಣಿಕಟ್ಟೂ ತುರಿಸಬಹುದು.

ಅಲರ್ಜಿ ಮೊದಲ ದಿನವೇ ಕಾಣಿಸಿಕೊಳ್ಳುವುದಿಲ್ಲ. ವರ್ಷಗಟ್ಟಲೆ ಒಂದೇ ಬಗೆಯ ಬೊಟ್ಟು ಇಟ್ಟುಕೊಂಡವರಿಗೂ ಒಂದು ದಿನ ಶುರುವಾಗುತ್ತದೆ. ದೇಹದ ರೋಗರಕ್ಷಣಾ ವ್ಯವಸ್ಥೆ ಒಮ್ಮೆ ಆ ರಾಳವನ್ನು ಗುರುತಿಟ್ಟುಕೊಂಡಿತೆಂದರೆ, ಮುಂದೆ ಅದು ತಗುಲಿದ ಒಂದೆರಡು ದಿನಗಳಲ್ಲಿ ತುರಿಕೆ, ಕೆಂಪು, ಸಣ್ಣ ಗುಳ್ಳೆ ಏಳುತ್ತವೆ. ಸೋಮವಾರ ಹೊಸ ಪ್ಯಾಕೆಟ್ ಒಡೆದವರಿಗೆ ಬುಧವಾರ ತುರಿಸಿದರೆ, ಅಂದು ತಿಂದದ್ದರ ಮೇಲೆ ಅನುಮಾನ ಹೋಗುವುದು ಸಹಜ. ಕಾರಣ ಹಣೆಯ ಮೇಲೆಯೇ ಇರುತ್ತದೆ. ಗುರುತಿಸುವ ಸುಳಿವು ಗಾಯದ ಆಕಾರ. ಬೊಟ್ಟಿನಷ್ಟೇ ಅಗಲಕ್ಕೆ ದುಂಡಗಿದ್ದರೆ ಅಂಟಿನ ಮೇಲೆ ಶಂಕೆ ಇಡಬೇಕು. ಅಂಚು ಕಲಸಿದಂತಿದ್ದು ಮೂಗಿನ ಕಡೆಗೆ ಇಳಿದಿದ್ದರೆ ಉದುರುವ ಕುಂಕುಮದ ಮೇಲೆ.

ತುರಿಕೆಗಿಂತ ಕಷ್ಟದ್ದು ಬಿಳಿ ಕಲೆ. ಈ ರಾಳದ ಮೂಲವಾದ ಫೀನಾಲ್ ಚರ್ಮಕ್ಕೆ ಬಣ್ಣ ಕೊಡುವ ಕೋಶಗಳನ್ನೇ ಹಾಳುಮಾಡಬಲ್ಲದು. ಕೆಲವರಿಗೆ ತುರಿಕೆಯೇ ಇಲ್ಲದೆ ಬೊಟ್ಟಿನ ಜಾಗ ಬೆಳ್ಳಗಾಗುತ್ತದೆ. ಆಗ ದೊಡ್ಡ ಬೊಟ್ಟಿಟ್ಟು ಕಲೆ ಮುಚ್ಚುವುದು ಅತ್ಯಂತ ಕೆಟ್ಟ ಉಪಾಯ. ಬೊಟ್ಟು ನಿಲ್ಲಿಸಿ ಚರ್ಮ ವೈದ್ಯರಲ್ಲಿಗೆ ಹೋಗಬೇಕು. ಅವರು ಶಂಕಿತ ವಸ್ತುಗಳನ್ನು ಬೆನ್ನಿಗೆ 48 ಗಂಟೆ ಅಂಟಿಸಿ, ತೆಗೆದಾಗ ಒಮ್ಮೆ, ಮುಂದೆ ಒಂದೆರಡು ದಿನ ಬಿಟ್ಟು ಇನ್ನೊಮ್ಮೆ ನೋಡಿ ಕಾರಣ ಪತ್ತೆಮಾಡುತ್ತಾರೆ.

ಅರಿಸಿನಕ್ಕೆ ಸುಣ್ಣ ಅಥವಾ ಬಿಳಿಗಾರದಂಥ ಕ್ಷಾರ ಸೇರಿಸಿ ಕೆಂಪಾಗಿಸಿದ್ದೇ ಹಳೆಯ ಕುಂಕುಮ. ಕ್ಷಾರ ಹೆಚ್ಚಾದರೆ ಅದೂ ಉರಿಸುತ್ತದೆ, ಅಪರೂಪಕ್ಕೆ ಅರಿಸಿನವೇ ಒಗ್ಗದವರೂ ಇದ್ದಾರೆ. ಅಂಗಡಿಯ ಕುಂಕುಮದಲ್ಲಿ ಕೃತಕ ಬಣ್ಣ, ಸುವಾಸನೆ ಬೆರೆತಿರಬಹುದು; ಇವು ತುರಿಕೆಯ ಜೊತೆಗೆ ಕಪ್ಪು ಕಲೆಯನ್ನೂ ತರುತ್ತವೆ. ‘ಹರ್ಬಲ್’ ಎಂಬ ಮಾತಿಗಿಂತ ಡಬ್ಬಿಯ ಮೇಲಿನ ಪದಾರ್ಥಗಳ ಪಟ್ಟಿ ನಂಬಿಕೆಗೆ ಅರ್ಹ. ಹೊಸ ಕುಂಕುಮವನ್ನು ಮೊಣಕೈ ಮಡಿಕೆಯ ಬಳಿ ದಿನಕ್ಕೆರಡು ಬಾರಿ ಒಂದು ವಾರ ಹಚ್ಚಿ ನೋಡಬೇಕು. ಅಲ್ಲಿ ಏನೂ ಆಗದಿದ್ದರೆ ಹಣೆಗಿಡಬಹುದು. ಅಂಟು ಒಗ್ಗದವರು ಹಳೆಯ ಪದ್ಧತಿಯಂತೆ ಜೇನುಮೇಣ ತೀಡಿ ಅದರ ಮೇಲೆ ಕುಂಕುಮ ಒತ್ತಿಕೊಳ್ಳಬಹುದು. ಸ್ಟಿಕ್ಕರ್ ಬಿಡಲಾಗದವರು ರಾತ್ರಿ ತೆಗೆದಿಟ್ಟು, ಅಂಟಿನ ಉಳಿಕೆಯನ್ನು ಎಣ್ಣೆಯಲ್ಲಿ ಒರೆಸಬೇಕು.

ಬೈತಲೆಯ ಸಿಂಧೂರದ ಕಥೆ ಬೇರೆ. ಕೆಲವದರ ಕಿತ್ತಳೆಗೆಂಪು ಬಣ್ಣ ಸೀಸದ ಆಕ್ಸೈಡಿನದು, ಇನ್ನು ಕೆಲವದರದು ಪಾದರಸದ ಸಲ್ಫೈಡಿನದು. ಇದರ ಅಪಾಯ ಚರ್ಮಕ್ಕಿಂತ ಬಾಯಿಯ ಮೂಲಕವೇ ಹೆಚ್ಚು. ಹಚ್ಚಿದ ಬೆರಳು ತೊಳೆಯದೆ ಮಗುವಿಗೆ ಉಣಿಸಿದರೆ ಸೀಸ ಮಗುವಿನ ಹೊಟ್ಟೆ ಸೇರುತ್ತದೆ, ಮತ್ತು ಅದು ತುರಿಕೆಯಂಥ ಯಾವ ಮುನ್ಸೂಚನೆಯನ್ನೂ ಕೊಡುವುದಿಲ್ಲ.