ಅರ್ಜಿಗೆ ಅಂಕ ಕೊಡುವುದು ಹೇಗೆ? ಷರಾ ಬರೆಯುವುದು ಹೇಗೆ?



ಡೇರಿಗೆ ಹಾಲು ಹಾಕಿದಾಗ ನಿಮ್ಮ ಕೈಗೆ ಒಂದು ಚೀಟಿ ಬರುತ್ತದೆ. ಎಷ್ಟು ಲೀಟರ್, ಫ್ಯಾಟ್ ಎಷ್ಟು, ಎಸ್.ಎನ್.ಎಫ್. ಎಷ್ಟು ಎಂದು ಅದರಲ್ಲಿರುತ್ತದೆ. ದರ ಕಡಿಮೆ ಬಂದರೆ ಯಾಕೆ ಬಂತು ಎಂಬುದು ಆ ಚೀಟಿಯಿಂದಲೇ ಗೊತ್ತಾಗುತ್ತದೆ. ಅನುದಾನದ ಅರ್ಜಿಗಳನ್ನು ಪರಿಶೀಲಿಸುವ ಸಮಿತಿಗೆ ಸದಸ್ಯೆಯಾಗಿ ನಿಮ್ಮನ್ನು ಕರೆದಾಗ ನೀವು ಮಾಡಬೇಕಾದದ್ದೂ ಇಂಥದೇ ಕೆಲಸ. ಮೊದಲೇ ಪ್ರಕಟಿಸಿದ ಮಾನದಂಡದಂತೆ ಅಂಕ ಕೊಡಬೇಕು. ಆ ಅಂಕ ಯಾಕೆ ಬಂತು ಎಂದು ಅರ್ಜಿ ಹಾಕಿದವರಿಗೆ ನಾಲ್ಕು ಸಾಲಿನಲ್ಲಿ ತಿಳಿಸಬೇಕು. ಆ ನಾಲ್ಕು ಸಾಲಿಗೆ ಷರಾ ಎನ್ನುತ್ತೇವೆ.

ಒಂದು ಉದಾಹರಣೆ ಇಟ್ಟುಕೊಂಡು ನೋಡೋಣ. ಮಹಿಳಾ ಸಂಘಗಳು ರಸಮೇವು ತಯಾರಿಸಲು ಅನುದಾನ ಕೊಡುವುದಾಗಿ ಪ್ರಕಟಣೆ ಬಂದಿದೆ ಎಂದುಕೊಳ್ಳಿ. ಅದರಲ್ಲಿ ನಾಲ್ಕು ಮಾನದಂಡಗಳಿವೆ: ಅಗತ್ಯಕ್ಕೆ 25 ಅಂಕ, ಕೆಲಸದ ಯೋಜನೆಗೆ 30, ಖರ್ಚಿನ ಅಂದಾಜಿಗೆ 25, ಮುಂದೆ ನಡೆಸಿಕೊಂಡು ಹೋಗುವ ವ್ಯವಸ್ಥೆಗೆ 20. ಒಟ್ಟು 70 ಬಂದರೆ ಮಾತ್ರ ಅನುದಾನ. ಪ್ರತಿ ಮಾನದಂಡಕ್ಕೂ ನೀವು ಮೊದಲು 0 ಯಿಂದ 5 ರವರೆಗೆ ದರ್ಜೆ ಕೊಡುತ್ತೀರಿ. 5 ಎಂದರೆ ಕೊರತೆಯೇ ಇಲ್ಲ. 3 ಎಂದರೆ ಕೆಲಸ ನಡೆಯುತ್ತದೆ, ಆದರೆ ಸರಿಪಡಿಸಬೇಕಾದ ಕೊರತೆಗಳಿವೆ. 2 ಎಂದರೆ ಉತ್ತರ ಬರೆದಿದ್ದಾರೆ, ಆದರೆ ಮುಖ್ಯ ಭಾಗವೇ ನಿಲ್ಲುವುದಿಲ್ಲ. 0 ಎಂದರೆ ಉತ್ತರವೇ ಇಲ್ಲ. ಆ ದರ್ಜೆಯನ್ನು 5 ರಿಂದ ಭಾಗಿಸಿ, ಮಾನದಂಡದ ಅಂಕದಿಂದ ಗುಣಿಸಿದರೆ ಅಂಕ ಸಿಗುತ್ತದೆ.

ಈಗ ಒಂದು ಸಂಘದ ಅರ್ಜಿ ನಿಮ್ಮ ಮುಂದಿದೆ. ಬೇಸಿಗೆಯ ಎರಡು ತಿಂಗಳು ಹಸಿಮೇವು ಸಿಗುವುದಿಲ್ಲ, ಆಗ ಸಂಘದ ಹಾಲು ಎಷ್ಟು ಇಳಿಯುತ್ತದೆ ಎಂದು ತಿಂಗಳವಾರು ಲೆಕ್ಕ ಲಗತ್ತಿಸಿದ್ದಾರೆ. ಅಗತ್ಯಕ್ಕೆ 5 ಕೊಡಬಹುದು, ಅಂದರೆ 25 ಅಂಕ. ಯಂತ್ರಕ್ಕೆ ಗಂಟೆಗೆ ಎಷ್ಟು ಬಾಡಿಗೆ, ರಿಪೇರಿಗೆ ಯಾವ ಖಾತೆಯಿಂದ ಹಣ, ಯಾರು ನಡೆಸುತ್ತಾರೆ ಎಂದೆಲ್ಲ ಬರೆದಿದ್ದಾರೆ. ಯಂತ್ರ ನಡೆಸುವವರಿಗೆ ತರಬೇತಿ ಯಾವಾಗ ಎಂಬುದೊಂದು ಬಿಟ್ಟಿದೆ. ಅದಕ್ಕೆ 4, ಅಂದರೆ 16 ಅಂಕ.

ತೊಡಕಿರುವುದು ಯೋಜನೆಯಲ್ಲಿ. 40 ಹಸುಗಳಿಗೆ ದಿನಕ್ಕೆ 15 ಕಿಲೋದಂತೆ 60 ದಿನ ರಸಮೇವು ಕೊಡುತ್ತೇವೆ, ಅದಕ್ಕಾಗಿ ಒಂದು ಎಕರೆಯಲ್ಲಿ ಮುಸುಕಿನ ಜೋಳ ಬೆಳೆಯುತ್ತೇವೆ ಎಂದಿದ್ದಾರೆ. ನೀವೇ ಗುಣಿಸಿ ನೋಡಿ. 40 ನ್ನು 15 ರಿಂದ ಗುಣಿಸಿದರೆ ದಿನಕ್ಕೆ 600 ಕಿಲೋ, 60 ದಿನಕ್ಕೆ 36 ಟನ್. ಒಂದು ಎಕರೆಯಲ್ಲಿ ಚೆನ್ನಾಗಿ ಬೆಳೆದ ಹಸಿ ಜೋಳವೂ 15 ರಿಂದ 20 ಟನ್ ಆಸುಪಾಸು. ಚೀಲದಲ್ಲಿ ಹುದುಗುವಾಗ ಅದರಲ್ಲೂ ಸ್ವಲ್ಪ ಹೋಗುತ್ತದೆ. ಅಂದರೆ ಮೇವು ಅರ್ಧ ಬೇಸಿಗೆಗೇ ಮುಗಿಯುತ್ತದೆ. ಇದು ಸಣ್ಣ ಕೊರತೆಯಲ್ಲ, ಯೋಜನೆಯ ಉದ್ದೇಶವೇ ಈಡೇರುವುದಿಲ್ಲ. ಆದ್ದರಿಂದ ದರ್ಜೆ 2, ಅಂದರೆ 12 ಅಂಕ.

ಖರ್ಚಿನ ಪಟ್ಟಿಯಲ್ಲಿ 50 ಕಿಲೋ ಹಿಡಿಯುವ 400 ಚೀಲ ಕೇಳಿದ್ದಾರೆ. ಅದು 20 ಟನ್‌ಗೆ ಸಾಕು, 36 ಟನ್‌ಗೆ ಸಾಲದು. ಇಲ್ಲೂ ಅಂಕ ಕಡಿಯಬೇಕು ಅನ್ನಿಸುತ್ತದೆ. ಕಡಿಯಬಾರದು. ಚೀಲ ಕಡಿಮೆಯಾಗಿರುವುದು ಎಕರೆಯ ಲೆಕ್ಕ ತಪ್ಪಿದ್ದರಿಂದ, ಅದಕ್ಕೆ ಯೋಜನೆಯಲ್ಲಿ ಈಗಾಗಲೇ ಅಂಕ ಹೋಗಿದೆ. ಒಂದು ತಪ್ಪಿಗೆ ಒಂದೇ ಕಡೆ ಕಡಿತ. ಆದರೆ ಪ್ರಕಟಣೆಯಲ್ಲಿ ಮೇವು ಕತ್ತರಿಸುವ ಯಂತ್ರಕ್ಕೆ ಎರಡು ಕೊಟೇಷನ್ ಕೇಳಿತ್ತು, ಇವರು ಒಂದೇ ಇಟ್ಟಿದ್ದಾರೆ. ಮೋಟಾರಿನ ವೈರಿಂಗ್ ಖರ್ಚೂ ಪಟ್ಟಿಯಲ್ಲಿಲ್ಲ. ಇವು ಬೇರೆಯೇ ಕೊರತೆಗಳು. ದರ್ಜೆ 3, ಅಂದರೆ 15 ಅಂಕ.

ಕೂಡಿದರೆ 68. ಎರಡು ಅಂಕಕ್ಕೆ ಅನುದಾನ ತಪ್ಪಿತು.

ಮನಸ್ಸು ಅಳ್ಳಾಡುವುದು ಇಲ್ಲೇ. ಯೋಜನೆಗೆ 2 ರ ಬದಲು 3 ಕೊಟ್ಟರೆ 74 ಆಗುತ್ತದಲ್ಲ ಎನಿಸುತ್ತದೆ. ಒಟ್ಟು ನೋಡಿಕೊಂಡು ಹಿಂದೆ ಹೋಗಿ ದರ್ಜೆ ತಿದ್ದಬಾರದು. ಹಾಗೆ ತಿದ್ದಿದರೆ ಆ 3 ಕ್ಕೆ ಅರ್ಜಿಯಲ್ಲಿ ಆಧಾರವಿರುವುದಿಲ್ಲ. ಪಕ್ಕದ ಊರಿನ ಸಂಘ ಸರಿಯಾದ ಲೆಕ್ಕ ಕೊಟ್ಟು 71 ತೆಗೆದಿದ್ದರೆ ಅವರಿಗೂ ಅನ್ಯಾಯವಾಗುತ್ತದೆ.

ಪ್ರತಿ ಅರ್ಜಿಯನ್ನೂ ಇಬ್ಬರು ಬೇರೆ ಬೇರೆ ಕೂತು ಓದಿ, ಅಂಕ ಬರೆದಾದ ಮೇಲೆಯೇ ಸೇರಿ ಮಾತನಾಡಬೇಕು. ಇದೇ ಯೋಜನೆಗೆ ಇನ್ನೊಬ್ಬ ಸದಸ್ಯೆ 4 ಕೊಟ್ಟಿದ್ದಾರೆ ಎನ್ನಿ. 2 ಮತ್ತು 4 ಕ್ಕೆ ಸರಾಸರಿ 3 ಎಂದು ಬರೆದು ಮುಗಿಸಿದರೆ ಅನುದಾನವೇನೋ ಸಿಗುತ್ತದೆ, ಆದರೆ 3 ಯಾಕೆ ಎಂದು ಇಬ್ಬರೂ ಹೇಳಲಾರರು. ಎರಡು ದರ್ಜೆಯ ಅಂತರ ಬಂದಾಗ ಅರ್ಜಿಯ ಆ ಪುಟ ತೆಗೆದು ಕಾರಣ ಕೇಳಬೇಕು. "ಅಕ್ಕಾ, ಆ ಸಂಘದ ಹತ್ತಿರ ಎರಡೂವರೆ ಎಕರೆ ಇದೆ, ನಾನೇ ನೋಡಿದ್ದೇನೆ" ಎಂದು ಅವರು ಹೇಳಬಹುದು. ಅದು ನಿಜವೇ ಇರಬಹುದು. ಆದರೆ ಅರ್ಜಿಯಲ್ಲಿ ಅದಿಲ್ಲ. ಬರೆದದ್ದಕ್ಕೆ ಮಾತ್ರ ಅಂಕ. ಬಿಟ್ಟುಹೋದದ್ದನ್ನು ಕೇಳಿ ತಿಳಿಯಲು ನಿಯಮದಲ್ಲಿ ಅವಕಾಶವಿದ್ದರೆ ಎಲ್ಲ ಅರ್ಜಿದಾರರಿಗೂ ಆ ಅವಕಾಶ ಕೊಡಬೇಕು. ಅರ್ಜಿ ನಿಮ್ಮದೇ ಸಂಘದ್ದಾಗಿದ್ದರೆ ಅಥವಾ ನಿಮ್ಮ ನೆಂಟರದ್ದಾಗಿದ್ದರೆ ಮೊದಲೇ ತಿಳಿಸಿ, ಆ ಅರ್ಜಿಯ ಮಟ್ಟಿಗೆ ಹೊರಗೆ ಕೂರಿ.

ಈಗ ಷರಾ. "ಯೋಜನೆ ದುರ್ಬಲ, ಇನ್ನಷ್ಟು ಸುಧಾರಿಸಬೇಕು" ಎಂದು ಬರೆದರೆ ಆ ಹೆಣ್ಣುಮಕ್ಕಳಿಗೆ ಏನೂ ತಿಳಿಯುವುದಿಲ್ಲ. "ಒಳ್ಳೆಯ ಅರ್ಜಿ" ಎಂದು ಮಾತ್ರ ಬರೆದರೆ ಮತ್ತೆ 68 ಯಾಕೆ ಎಂದು ಕೇಳುತ್ತಾರೆ. ಹೀಗೆ ಬರೆಯಬಹುದು:

"ಬೇಸಿಗೆಯ ಮೇವಿನ ಕೊರತೆಯನ್ನು ತಿಂಗಳವಾರು ಹಾಲಿನ ಲೆಕ್ಕದೊಂದಿಗೆ ಸ್ಪಷ್ಟವಾಗಿ ತೋರಿಸಿದ್ದೀರಿ. ಯಂತ್ರದ ಬಾಡಿಗೆ ಮತ್ತು ರಿಪೇರಿ ವ್ಯವಸ್ಥೆ ಚೆನ್ನಾಗಿದೆ, ತರಬೇತಿಯ ವಿವರ ಮಾತ್ರ ಇಲ್ಲ. ಯೋಜನೆಯಲ್ಲಿ 40 ಹಸುಗಳಿಗೆ 60 ದಿನಕ್ಕೆ 36 ಟನ್ ಬೇಕಾಗುತ್ತದೆ. ತೋರಿಸಿರುವ ಒಂದು ಎಕರೆಯಿಂದ ಅಷ್ಟು ಸಿಗುವುದಿಲ್ಲ. ಉಳಿದ ಮೇವು ಎಲ್ಲಿಂದ ಎಂಬುದಕ್ಕೆ ಅರ್ಜಿಯಲ್ಲಿ ಉತ್ತರವಿಲ್ಲ. ಹೆಚ್ಚು ಅಂಕ ಹೋಗಿರುವುದು ಇದಕ್ಕೇ. ಯಂತ್ರಕ್ಕೆ ಎರಡು ಕೊಟೇಷನ್ ಬೇಕಿತ್ತು, ಒಂದಿದೆ. ವೈರಿಂಗ್ ಖರ್ಚು ಸೇರಿಲ್ಲ."

ಈ ಷರಾದಲ್ಲಿ ಬೇರೆ ಸಂಘದ ಹೆಸರಿಲ್ಲ, ಹೋಲಿಕೆಯಿಲ್ಲ. ಪ್ರಕಟಣೆಯಲ್ಲಿ ಕೇಳದ ವಿಷಯವೂ ಇಲ್ಲ. ಮುಂದಿನ ಸಲ ಖಂಡಿತ ಸಿಗುತ್ತದೆ ಎಂಬ ಮಾತನ್ನೂ ಕೊಟ್ಟಿಲ್ಲ, ಏಕೆಂದರೆ ಮುಂದಿನ ಸಮಿತಿಯ ಪರವಾಗಿ ನಾವು ಮಾತು ಕೊಡಲಾಗದು.

ಬರೆದಾದ ಮೇಲೆ ಅಂಕದ ಹಾಳೆಯನ್ನು ಮುಚ್ಚಿಟ್ಟು ಷರಾವನ್ನಷ್ಟೇ ಇನ್ನೊಬ್ಬ ಸದಸ್ಯೆಗೆ ಓದಲು ಕೊಡಿ. ಯಾವುದಕ್ಕೆ ಹೆಚ್ಚು ಬಂದಿದೆ, ಯಾವುದಕ್ಕೆ ಕಡಿಮೆ ಬಂದಿದೆ ಎಂದು ಅವರು ಸರಿಯಾಗಿ ಹೇಳಿದರೆ ಷರಾ ಕಳುಹಿಸಬಹುದು. ಹೇಳಲಾಗದಿದ್ದರೆ ಮತ್ತೊಮ್ಮೆ ಬರೆಯಿರಿ. ಅರ್ಜಿ ಹಾಕುವ ಸಂಘದವರೂ ಸಲ್ಲಿಸುವ ಮೊದಲು ಪ್ರಕಟಣೆಯ ಮಾನದಂಡಗಳನ್ನು ಪಕ್ಕದಲ್ಲಿಟ್ಟುಕೊಂಡು ಹೀಗೆಯೇ ತಾವೇ ಅಂಕ ಹಾಕಿ ನೋಡಬಹುದು. ಎಕರೆಯ ಲೆಕ್ಕ ಆಗಲೇ ಕಣ್ಣಿಗೆ ಬೀಳುತ್ತದೆ.